ಆತ್ಮಹತ್ಯೆ ತಡೆ: ಬೆಳೆಯ ಔಷಧಿ ಮನೆಯೊಳಗಿರಬೇಕೆ?



ಹತ್ತಿ, ಗೋವಿನಜೋಳ ಮತ್ತು ಮೆಣಸಿನಕಾಯಿ ನಮ್ಮ ಮೋಟೆಬೆನ್ನೂರು ಸೀಮೆಯ ಬೆಳೆಗಳು. ಇವುಗಳಿಗೆ ಎಣ್ಣೆ ಹೊಡೆಯುವ ಕಾಲ ಮುಗಿದರೂ ಉಳಿದ ಎಣ್ಣೆ ಮಾತ್ರ ಮನೆಯಲ್ಲಿಯೇ ಇರುತ್ತದೆ. ನಾನು ರೋಗಿಗಳನ್ನು ನೋಡಲು ಹೋದ ಮನೆಗಳಲ್ಲಿ ಅರ್ಧ ಖಾಲಿಯಾದ ಡಬ್ಬಿಗಳನ್ನು ಅಟ್ಟದ ಮೇಲೆ, ದನದ ಕೊಟ್ಟಿಗೆಯ ಗೂಡಿನಲ್ಲಿ, ಕೆಲವೊಮ್ಮೆ ಜೋಳದ ಚೀಲದ ಮಗ್ಗುಲಲ್ಲಿಯೇ ಕಂಡಿದ್ದೇನೆ. ಆ ಡಬ್ಬಿ ಅಲ್ಲಿರುವುದು ಆತ್ಮಹತ್ಯೆಯ ಸಾವಿಗೆ ಎಷ್ಟರಮಟ್ಟಿಗೆ ಕಾರಣವಾಗುತ್ತದೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಸಮೀಪದ ಹಳ್ಳಿಯೊಂದರ ತರುಣ ರೈತನೊಬ್ಬ ತಂದೆಯೊಡನೆ ಸಾಲದ ವಿಷಯವಾಗಿ ಮಾತಿಗೆ ಮಾತು ಬೆಳೆಸಿದ. ಸಿಟ್ಟಿನಲ್ಲಿ ಎದ್ದು ಹಿತ್ತಲಿಗೆ ಹೋದವನ ಕೈಗೆ ಹತ್ತಿಗೆ ಹೊಡೆದು ಉಳಿದಿದ್ದ ಔಷಧಿ ಸಿಕ್ಕಿತು. ಅವನಿಗೆ ಮೊದಲೇ ಅಂಥ ಯೋಚನೆ ಇರಲಿಲ್ಲ, ಚೀಟಿ ಬರೆದಿಟ್ಟಿರಲಿಲ್ಲ. ನೆರೆಮನೆಯವರು ತಕ್ಷಣ ಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದುದರಿಂದ ಬದುಕಿದ. ಚೇತರಿಸಿಕೊಂಡ ಮೇಲೆ ನನ್ನೊಡನೆ ಹೇಳಿದ: “ಡಾಕ್ಟ್ರೆ, ಕುಡದ ಮ್ಯಾಲೆ ಎದೀ ಝಲ್ಲಂತು. ಅಯ್ಯೋ, ಏನ್ ಮಾಡ್ಕೊಂಡ್ನೆಪ್ಪಾ ಅನಸ್ತು. ಆಗ ಬಾಟ್ಲಿ ಅಲ್ಲಿ ಇರಲಿಲ್ಲಂದ್ರ ನಾ ಹೊಲಕ್ಕ ಹೋಗಿ ಮಲಗಿಬಿಡ್ತಿದ್ದೆ.” ಇಂದು ಅವನು ಇಬ್ಬರು ಮಕ್ಕಳ ತಂದೆ.

ಇದು ಅಪರೂಪದ ಕಥೆಯಲ್ಲ. ಗ್ರಾಮೀಣ ಭಾಗದಲ್ಲಿ ವಿಷ ಸೇವಿಸಿ ಬದುಕುಳಿದವರಲ್ಲಿ ಅನೇಕರು ಯೋಚನೆ ಬಂದುದಕ್ಕೂ ಕೈ ಹಾಕಿದುದಕ್ಕೂ ನಡುವೆ ಕೆಲವೇ ನಿಮಿಷಗಳಿದ್ದವೆಂದು ಹೇಳುತ್ತಾರೆ. ಒಮ್ಮೆ ಬದುಕುಳಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಸಾಯಬೇಕೆನ್ನುವವನನ್ನು ಯಾರೂ ತಡೆಯಲಾರರು ಎಂಬ ನಮ್ಮ ಜನರ ಮಾತು ಆದ್ದರಿಂದ ನಿಜವಲ್ಲ. ಆ ತೀವ್ರ ಘಳಿಗೆ ಬರುತ್ತದೆ, ಹೋಗುತ್ತದೆ. ಅಷ್ಟರೊಳಗೆ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಕಾರಣ ಒಂದೇ ಅಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ನಮ್ಮ ರಾಜ್ಯದ ಸಂಖ್ಯೆ 13,606. ಪೊಲೀಸರು ಬರೆದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಮೊದಲನೆಯದು, ಸುಮಾರು ಮೂರನೆಯ ಒಂದು ಭಾಗ. ಕಾಯಿಲೆ ಎರಡನೆಯದು.

ಆದರೆ ಒಂದು ಸಾವಿಗೆ ಒಂದೇ ಕಾರಣವೆಂದು ಬರೆಯುವುದು ಕಾಗದದ ಅನುಕೂಲವಷ್ಟೆ. 2024ರ ಮಾರ್ಚ್ 11ರಂದು ಬೆಲೆ ಕುಸಿದುದಕ್ಕೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಅಂದು ನಷ್ಟ ಉಂಡವರು ಸಾವಿರಾರು ರೈತರು. ಅವರಲ್ಲಿ ಬಹುತೇಕರು ಕಷ್ಟವನ್ನು ಹೇಗೋ ದಾಟಿದರು. ನಷ್ಟದ ಜೊತೆಗೆ ಕುಡಿತ ಸೇರಿದಾಗ, ಚಿಕಿತ್ಸೆ ಕಾಣದ ಖಿನ್ನತೆ ಇದ್ದಾಗ, ಸಾಲಗಾರರು ಬಾಗಿಲಿಗೆ ಬಂದು ಹತ್ತು ಜನರೆದುರು ಮಾನ ಕಳೆದಾಗ, ಮನೆಯೊಳಗೆ ಮಾತನಾಡಿಸುವವರಿಲ್ಲದಾಗ ಅಪಾಯ ಏರುತ್ತದೆ. ಕಿರುಸಾಲದ ವಸೂಲಿಯ ಕಿರುಕುಳ ಎಷ್ಟು ಬೆಳೆದಿತ್ತೆಂದರೆ ಅದನ್ನು ತಡೆಯಲು ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಿಂದೊಮ್ಮೆ ಪ್ರಯತ್ನಿಸಿದವರಲ್ಲಿ ಮತ್ತು ಈಚೆಗೆ ಮನೆಯಲ್ಲಿ ಇಂಥ ಸಾವು ಕಂಡವರಲ್ಲಿ ಅಪಾಯ ಇನ್ನೂ ಹೆಚ್ಚು.

ಲೆಕ್ಕಕ್ಕೆ ಬಾರದ ಸಾವುಗಳು

ಮೇಲಿನ ಅಂಕಿಗಳು ಪೊಲೀಸ್ ಠಾಣೆಯ ದಾಖಲೆಯಿಂದ ಬಂದವು. ಠಾಣೆಗೆ ಹೋಗದ ಸಾವು ಲೆಕ್ಕಕ್ಕೆ ಬರುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಮನೆಮನೆಗೆ ಹೋಗಿ, ಸತ್ತವರ ಬಂಧುಗಳನ್ನು ಕೇಳಿ ಸಾವಿನ ಕಾರಣವನ್ನು ಗುರುತಿಸಿತು. ಅದರ ಅಂದಾಜಿನಂತೆ 2010ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಸುಮಾರು 1,87,000. ಅದೇ ವರ್ಷ ಪೊಲೀಸ್ ಲೆಕ್ಕ 1,34,599.

ಈ ಅಂತರ ಹೇಗೆ ಉಂಟಾಗುತ್ತದೆ ಎಂಬುದು ಹಳ್ಳಿಯಲ್ಲಿರುವ ನಮಗೆ ಗೊತ್ತು. ಔಷಧಿ ಸಿಂಪಡಿಸುವಾಗ ಗಾಳಿಗೆ ಒಳಗೆ ಹೋಯಿತು ಎನ್ನುತ್ತಾರೆ. ಕತ್ತಲಲ್ಲಿ ಕೆಮ್ಮಿನ ಔಷಧಿಯೆಂದು ತಪ್ಪಿ ಕುಡಿದ ಎನ್ನುತ್ತಾರೆ. ಆತ್ಮಹತ್ಯೆಯೆಂದು ಒಪ್ಪಿಕೊಂಡಾಗಲೂ “ಹೊಟ್ಟೆನೋವಿನ ಬಾಧೆ ತಾಳಲಾರದೆ” ಎಂಬ ಒಂದೇ ವಾಕ್ಯ ಊರೂರಿನ ಹೇಳಿಕೆಗಳಲ್ಲಿ ಮರುಕಳಿಸುತ್ತದೆ. ಅದರ ಹಿಂದಿನ ಸಾಲ, ಕುಡಿತ, ಜಗಳಗಳು ಅಲ್ಲಿಗೆ ಮರೆಯಾಗುತ್ತವೆ. ಮೇಲೆ ಹೇಳಿದ ತರುಣನ ಮನೆಯವರೂ ಆಸ್ಪತ್ರೆಯಲ್ಲಿ ತಪ್ಪಿ ಕುಡಿದನೆಂದೇ ಬರೆಸಿದ್ದರು. ಹಾಗೆ ಬರೆದುದರಿಂದ ಅವನ ಮನಸ್ಸನ್ನು ಯಾರೂ ವಿಚಾರಿಸಲಿಲ್ಲ. ಹೊಟ್ಟೆ ತೊಳೆದು ಮನೆಗೆ ಕಳುಹಿಸಿದರು.

ಇದಕ್ಕೆ ಹಲವು ಅಂಜಿಕೆಗಳಿವೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ತೀರಿಕೊಂಡರೆ ತಹಶೀಲ್ದಾರರ ತನಿಖೆಯಾಗುತ್ತದೆ, ಆದ್ದರಿಂದ ಗಂಡನ ಮನೆಯವರು ಬೇರೆ ಕಾರಣ ಹೇಳುತ್ತಾರೆ. ಶವಕ್ಕೆ ಕತ್ತರಿ ಹಾಕಬಾರದೆಂದು ಹಿರಿಯರು ಪಟ್ಟು ಹಿಡಿದು ಸಂಜೆಯೊಳಗೆ ಸಮಾಧಿ ಮುಗಿಸುವುದೂ ಉಂಟು. ಇಂಥ ಸಾವಿಗೆ ಸಂಸ್ಕಾರ ದೊರೆಯಲಿಕ್ಕಿಲ್ಲವೆಂಬ ಸಂಕೋಚವೂ ಸೇರುತ್ತದೆ. ಕಾನೂನಿನ ಅಂಜಿಕೆಯಾದರೂ ಈಗ ಬಹಳಷ್ಟು ಅನಾವಶ್ಯಕ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆಯು ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಅವನಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯವೆನ್ನುತ್ತದೆ. ಪ್ರಯತ್ನವನ್ನು ಅಪರಾಧವೆಂದ ಹಳೆಯ 309ನೆಯ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಇಲ್ಲ.

ರೈತರ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಜೀವನಪೂರ್ತಿ ಕಳೆ ತೆಗೆದು, ಹತ್ತಿ ಬಿಡಿಸಿದ ಹೆಣ್ಣುಮಗಳ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಅವಳು ತೀರಿಕೊಂಡರೆ ಗೃಹಿಣಿಯರ ಕಲಮಿಗೆ ಸೇರುತ್ತಾಳೆ. ಇನ್ನು ಪರಿಹಾರದ ಅರ್ಹತೆಯನ್ನು ತೀರ್ಮಾನಿಸುವ ಸಮಿತಿಯ ಲೆಕ್ಕವೇ ಬೇರೆ, ಸಾವಿನ ಲೆಕ್ಕವೇ ಬೇರೆ. ಎರಡನ್ನೂ ಒಂದೆಂದು ಓದಿ ಆತ್ಮಹತ್ಯೆ ಹೆಚ್ಚಿತು, ಇಳಿಯಿತು ಎಂದು ವಾದಿಸುವುದು ತಪ್ಪು.

ಶ್ರೀಲಂಕಾ ಕಲಿಸಿದ ಪಾಠ

ನಮ್ಮಂತೆಯೇ ಕೃಷಿಯನ್ನು ನೆಚ್ಚಿದ ಶ್ರೀಲಂಕೆಯಲ್ಲಿ 1995ರ ಹೊತ್ತಿಗೆ ಪ್ರತಿ ಲಕ್ಷ ಜನಕ್ಕೆ ಸುಮಾರು 47 ಜನ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಹೆಚ್ಚಿನವರು ಸೇವಿಸುತ್ತಿದ್ದುದು ಬೆಳೆಯ ಔಷಧಿ. ಔಷಧಿಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವನ್ನು ಸೇವಿಸಿದವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ಉಳಿಯುತ್ತಾರೆ. ಕೆಲವು ವೈದ್ಯರಿಗೆ ಅವಕಾಶವನ್ನೇ ಕೊಡುವುದಿಲ್ಲ. ಅಲ್ಲಿನ ಸರಕಾರ ಅತ್ಯಂತ ವಿಷಕಾರಿಯಾದವುಗಳನ್ನು ಹಂತಹಂತವಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಸಾವು ಸುಮಾರು ಶೇಕಡಾ 70ರಷ್ಟು ಇಳಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಜನರ ಕಷ್ಟಗಳು ಮಾಯವಾಗಲಿಲ್ಲ, ವಿಷ ಸೇವಿಸುವುದೂ ಪೂರ್ತಿ ನಿಲ್ಲಲಿಲ್ಲ, ಆದರೆ ಸೇವಿಸಿದವರು ಬದುಕತೊಡಗಿದರು. ಭಾರತವೂ 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿತು. 2022ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯು 2030ರೊಳಗೆ ಈ ಸಾವುಗಳನ್ನು ಶೇಕಡಾ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ.

ಮನೆಯಲ್ಲಿ ಡಬ್ಬಿಗೆ ಬೀಗ ಹಾಕಿದರೆ ಸಾಲದೆ ಎಂದು ನೀವು ಕೇಳಬಹುದು. ಶ್ರೀಲಂಕೆಯ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಬೀಗದ ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ವಿಷ ಸೇವನೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದು ಸಹಜವೇ. ಬೀಗದ ಕೈ ಮನೆಯ ಗೂಟಕ್ಕೆ ತೂಗುಹಾಕಿದ್ದರೆ ಬೀಗ ಮಕ್ಕಳನ್ನು ತಡೆದೀತು, ಮನೆಯ ಯಜಮಾನನನ್ನು ತಡೆಯದು. ತಮಿಳುನಾಡಿನಲ್ಲಿ ಚೆನ್ನೈನ ಸ್ನೇಹಾ ಸಂಸ್ಥೆಯವರು ಬೇರೆ ದಾರಿ ಹಿಡಿದರು. ಎರಡು ಹಳ್ಳಿಗಳಲ್ಲಿ ಊರಿಗೆ ಸಾಮಾನ್ಯವಾದ ಒಂದು ಕೋಣೆ ಕಟ್ಟಿ, ಪ್ರತಿ ರೈತನಿಗೆ ಒಂದು ಗೂಡು ಕೊಟ್ಟರು. ಬೀಗದ ಕೈ ರೈತನ ಬಳಿ ಒಂದು, ಕೋಣೆಯ ಮೇಲ್ವಿಚಾರಕನ ಬಳಿ ಒಂದು. ಪ್ರಯೋಗ ಚಿಕ್ಕದಾದರೂ ಆ ಹಳ್ಳಿಗಳಲ್ಲಿ ಸಾವು ಇಳಿಯಿತು. ಅಲ್ಲಿ ಔಷಧಿಗೂ ಮನೆಗೂ ನಡುವೆ ದಾರಿಯಿತ್ತು, ದಾರಿಯ ಕೊನೆಯಲ್ಲಿ ಒಬ್ಬ ಮನುಷ್ಯನಿದ್ದ.

ನಮ್ಮೂರಿನಲ್ಲಿ ಮಾಡಬಹುದಾದುದು

ಒಂದು ಸಲದ ಸಿಂಪಡಣೆಗೆ ಬೇಕಾದಷ್ಟನ್ನೇ, ಸಿಂಪಡಿಸುವ ದಿನವೇ ತರುವುದು ಮೊದಲ ಹೆಜ್ಜೆ. ಉಳಿದುದನ್ನು ಮನೆಗೆ ತರದೆ ಊರಿನ ಸಹಕಾರ ಸಂಘದಲ್ಲಿ ಅಥವಾ ಒಪ್ಪುವ ಅಂಗಡಿಯವರಲ್ಲಿ ಹೆಸರು ಬರೆಸಿ ಇಡುವ ಏರ್ಪಾಡನ್ನು ಹಿರಿಯರು ಕೂಡಿ ಮಾಡಬಹುದು. ಔಷಧಿ ಅಂಗಡಿಯವರು ಕುಡಿದು ಬಂದವರಿಗೆ, ಅಳುತ್ತ ಬಂದವರಿಗೆ ಮತ್ತು ಯಾವ ಬೆಳೆಗೆಂದು ಹೇಳಲಾರದವರಿಗೆ ಕೊಡದೆ, “ನಾಳೆ ಬಾರಪ್ಪ” ಎಂದು ಕೂರಿಸಿ ಮಾತನಾಡಿಸಿದರೆ ಸಾಕು. ಮನೆಯಲ್ಲಿ ಯಾರಾದರೂ ಊಟ, ನಿದ್ರೆ ಬಿಟ್ಟು, ಮಾತು ಕಡಿಮೆ ಮಾಡಿ, ಇನ್ನು ನನ್ನ ಚಿಂತೆ ಬೇಡ ಎಂಬಂಥ ಮಾತಾಡುತ್ತಿದ್ದರೆ, ಅಂದೇ ಔಷಧಿಯನ್ನು ಬೇರೆಯವರ ಮನೆಗೆ ಸಾಗಿಸಿರಿ. “ಜೀವದ ಮೇಲೆ ಬೇಸರ ಬಂದಿದೆಯೆ?” ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆ ಹೊರಗೆ ಬರುತ್ತದೆ.

ಯಾರಾದರೂ ಸೇವಿಸಿದ್ದು ತಿಳಿದರೆ ಉಪ್ಪುನೀರು, ಹುಣಸೆನೀರು, ಸೆಗಣಿನೀರು ಕುಡಿಸಿ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ಔಷಧಿ ಬಿದ್ದ ಬಟ್ಟೆ ಬಿಚ್ಚಿ, ನಿಮ್ಮ ಕೈಗೆ ತಾಗದಂತೆ ಎಚ್ಚರದಿಂದ ಮೈ ತೊಳೆದು, 108ಕ್ಕೆ ಕರೆ ಮಾಡಿರಿ. ಡಬ್ಬಿಯನ್ನು ಜೊತೆಗೆ ಒಯ್ಯಿರಿ, ಅದರ ಚೀಟಿ ನೋಡಿ ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ. ನಮ್ಮ ಅಗದತಂತ್ರದಲ್ಲಿ ವಿಷಚಿಕಿತ್ಸೆಯ ವಿಸ್ತಾರವಾದ ವಿವೇಚನೆ ಇದೆ. ಆದರೆ ಅದನ್ನು ಬರೆದ ಕಾಲದಲ್ಲಿ ಈ ರಾಸಾಯನಿಕಗಳು ಇರಲಿಲ್ಲ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಇಂಥ ರೋಗಿಯನ್ನು ನನ್ನಂಥವರ ಬಳಿ ತಂದು ಹೊತ್ತು ಕಳೆಯಬೇಡಿರಿ. ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಅಲ್ಲಿ ನಡೆದುದನ್ನು ನಿಜವಾಗಿ ಹೇಳಿರಿ, ಮನೋವೈದ್ಯರನ್ನು ಕಾಣದೆ ಬಿಡುಗಡೆ ಮಾಡಿಸಿಕೊಳ್ಳಬೇಡಿರಿ.

ಇದನ್ನು ಓದುತ್ತಿರುವ ನಿಮ್ಮ ಮನಸ್ಸಿನಲ್ಲಿಯೇ ಅಂಥ ಯೋಚನೆ ಸುಳಿದಿದ್ದರೆ 14416ಕ್ಕೆ ಕರೆ ಮಾಡಿರಿ. ಇದು ಟೆಲಿ ಮಾನಸ್ ಎಂಬ ಸರಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡಲು ಮನಸ್ಸು ಬಾರದಿದ್ದರೆ ಹತ್ತಿರದವರೊಬ್ಬರಿಗೆ ಹೇಳಿರಿ, ಅಂದು ರಾತ್ರಿ ಒಬ್ಬರೇ ಇರಬೇಡಿರಿ.