ಬಿಳಿ ಮಾಯವಾದ ಮೇಲೂ ಎರಡು ದಿನ

ಎರಡು-ಮೂರು ತಿಂಗಳ ಕೂಸಿನ ನಾಲಿಗೆ ಬೆಳ್ಳಗಾದರೆ ಹಾಲು ಅಂಟಿಕೊಂಡಿದೆ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ಅದು ನಿಜವೂ ಹೌದು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಮೆಲ್ಲಗೆ ಒರೆಸಿದರೆ ಹಾಲಿನ ಪದರ ಬಂದುಬಿಡುತ್ತದೆ. ಹಾಗೆ ಬಾರದೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಜೊತೆಗೆ ಕೆನ್ನೆಯ ಒಳಗೆ, ತುಟಿಯ ಹಿಂಬದಿಯಲ್ಲಿ, ಒಸಡಿನ ಮೇಲೂ ಒಡೆದ ಹಾಲಿನ ಚೂರಿನಂಥ ಮಚ್ಚೆಗಳಿದ್ದರೆ ಅದು ಥ್ರಷ್. ಉಜ್ಜಿ ತೆಗೆಯಲು ಹೋಗಬಾರದು. ಮಚ್ಚೆ ಕಿತ್ತುಬಂದರೆ ಕೆಳಗಿನ ಕೆಂಪು ಚರ್ಮದಿಂದ ರಕ್ತ ಜಿನುಗುತ್ತದೆ.

ಇದಕ್ಕೆ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ದೊಡ್ಡವರ ಬಾಯಿ, ಕರುಳುಗಳಲ್ಲಿ ತೊಂದರೆ ಕೊಡದೆ ಇರುವ ಇದು, ರೋಗನಿರೋಧಕ ಶಕ್ತಿ ಇನ್ನೂ ಬಲಿಯದ ಎಳೆಯ ಬಾಯಲ್ಲಿ ಬೇಗ ಹಬ್ಬುತ್ತದೆ. ಕೂಸಿಗೋ ತಾಯಿಗೋ ಆ್ಯಂಟಿಬಯೋಟಿಕ್ ಕೊಟ್ಟಿದ್ದರಂತೂ ಅದಕ್ಕೆ ಜಾಗ ಇನ್ನೂ ಸಲೀಸು. ಅಲ್ಲೊಂದು ಇಲ್ಲೊಂದು ಮಚ್ಚೆಯಿದ್ದು ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಔಷಧಿಯಿಲ್ಲದೆಯೂ ಹೋಗಬಹುದು. ಹರಡುತ್ತಿದ್ದರೆ, ಬಾಯಿಟ್ಟ ಕೂಡಲೇ ಅತ್ತು ಹಾಲು ಬಿಡುತ್ತಿದ್ದರೆ ಚಿಕಿತ್ಸೆ ಬೇಕು.

ವೈದ್ಯರು ಬರೆಯುವ ಔಷಧಿಗಳಲ್ಲಿ ನಿಸ್ಟಾಟಿನ್ ಹಳೆಯದು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಬೇರ್ಪಡಿಸಿ 1950ರಲ್ಲಿ ಜಗತ್ತಿಗೆ ತಿಳಿಸಿದರು. ಶಿಲೀಂಧ್ರದ ಜೀವಕೋಶದ ಹೊರಪೊರೆಗೆ ಅಂಟಿಕೊಂಡು ಅದರಲ್ಲಿ ತೂತು ಮಾಡುವುದು ಇದರ ಕೆಲಸ. ಆದರೆ ಕರುಳಿನಿಂದ ಇದು ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಕೆಲಸ, ನುಂಗಿದ್ದು ಬಾಯಿಯ ಪಾಲಿಗೆ ಹೋದಂತೆಯೇ. ಪ್ರಮಾಣ, ಹೊತ್ತು, ಎಷ್ಟು ದಿನ ಎಂಬುದೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ.

ನಿಸ್ಟಾಟಿನ್ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ ಯೂನಿಟ್ ಇರುತ್ತದೆ. ಬ್ರಿಟನ್ನಿನಲ್ಲಿ ಕೂಸುಗಳಿಗೆ ಸಾಮಾನ್ಯವಾಗಿ ಒಂದು ಮಿಲಿಯಂತೆ ದಿನಕ್ಕೆ ನಾಲ್ಕು ಸಲ ಬರೆಯುತ್ತಾರೆ. ಅಮೆರಿಕದ ಸೂಚನಾಪತ್ರದಲ್ಲಿ ಕೂಸಿಗೆ ಎರಡು ಮಿಲಿ ನಾಲ್ಕು ಸಲ ಎಂದಿದೆ, ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಕ್ಕಳಿಗೆ ಒಂದು ಮಿಲಿ ಸಾಕು ಎಂದಿದೆ. ಒಂದು ಕಡೆಯದು ಇನ್ನೊಂದರ ಎರಡರಷ್ಟು ಎಂದು ತಾಯಂದಿರು ಗಾಬರಿಯಾಗಬೇಕಿಲ್ಲ. ರಕ್ತಕ್ಕೆ ಸೇರದ ಔಷಧಿಯಾದ್ದರಿಂದ ಇಲ್ಲಿ ತೂಕದ ಲೆಕ್ಕಕ್ಕಿಂತ ಮಚ್ಚೆಯ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದೇ ಮುಖ್ಯ. ಹೆಚ್ಚಾದರೆ ಹೊಟ್ಟೆ ಕೆಡಬಹುದು, ವಾಂತಿಯಾಗಬಹುದು, ಅಷ್ಟೆ.

ಹಾಕುವ ಕ್ರಮ ತಪ್ಪಿದರೆ ಪ್ರಮಾಣ ಸರಿಯಿದ್ದೂ ವಾಸಿಯಾಗುವುದಿಲ್ಲ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಮಗು ಹಾಲು ಕುಡಿದ ಮೇಲೆ, ಹನಿ ಹಾಕುವ ಡ್ರಾಪರಿನಿಂದ ಅರ್ಧ ಪ್ರಮಾಣವನ್ನು ಒಂದು ಕೆನ್ನೆಯ ಒಳಗೆ, ಉಳಿದರ್ಧವನ್ನು ಇನ್ನೊಂದು ಕೆನ್ನೆಯ ಒಳಗೆ ನಿಧಾನವಾಗಿ ಬಿಡಬೇಕು. ಗಂಟಲಿನ ಕಡೆಗೆ ಸುರಿದರೆ ಒಂದೇ ಗುಟುಕಿಗೆ ಹೋಗಿಬಿಡುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಮಚ್ಚೆಗಳ ಮೇಲೆ ಸವರುವುದೂ ಒಳ್ಳೆಯದೇ. ಆಮೇಲೆ ಐದು-ಹತ್ತು ನಿಮಿಷವಾದರೂ ಹಾಲು ಕೊಡಬಾರದು.

ಇನ್ನು ಎಷ್ಟು ದಿನ? ಸಾಮಾನ್ಯವಾಗಿ ಏಳು ದಿನ, ಕೆಲವರಿಗೆ ಹದಿನಾಲ್ಕರವರೆಗೆ. ಆದರೆ ದಿನದ ಎಣಿಕೆಗಿಂತ ಮುಖ್ಯವಾದ ನಿಯಮ ಬೇರೊಂದಿದೆ: ಬಾಯಿ ಪೂರ್ತಿ ತಿಳಿಯಾಗಿ ಕಂಡ ಮೇಲೂ ಕನಿಷ್ಠ ನಲವತ್ತೆಂಟು ಗಂಟೆ ಮುಂದುವರಿಸಬೇಕು. ಮೂರನೆಯ ದಿನಕ್ಕೇ ನಾಲಿಗೆ ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಆಗ ಬಾಟಲಿ ಎತ್ತಿಟ್ಟರೆ ಕಣ್ಣಿಗೆ ಕಾಣದೆ ಉಳಿದ ಶಿಲೀಂಧ್ರ ಮತ್ತೆ ಹಬ್ಬಿ, ವಾರದೊಳಗೆ ಮನೆಯವರು ಅದೇ ದವಾಖಾನೆಯ ಬೆಂಚಿನ ಮೇಲೆ ಕೂತಿರುತ್ತಾರೆ. ಔಷಧಿ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಬೇಗ ನಿಲ್ಲಿಸಿದ್ದೇ ಎಷ್ಟೋ ಸಲ ಕಾರಣ.

ಫ್ಲುಕೊನಜೋಲ್‌ನ ದಾರಿಯೇ ಬೇರೆ. ನುಂಗಿದ ಔಷಧಿ ರಕ್ತಕ್ಕೆ ಸೇರಿ ಜೊಲ್ಲಿಗೂ ಬರುತ್ತದೆ, ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಒಂದೇ ಸಲ ಸಾಕು. 2002ರಲ್ಲಿ ಪ್ರಕಟವಾದ, ಮೂವತ್ತನಾಲ್ಕು ಕೂಸುಗಳ ಮೇಲಿನ ಚಿಕ್ಕ ಅಧ್ಯಯನವೊಂದರಲ್ಲಿ ಏಳು ದಿನ ಫ್ಲುಕೊನಜೋಲ್ ಪಡೆದ ಮಕ್ಕಳೆಲ್ಲ ವಾಸಿಯಾದರು. ಹತ್ತು ದಿನ ನಿಸ್ಟಾಟಿನ್ ಪಡೆದವರಲ್ಲಿ ವಾಸಿಯಾದವರು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಅಷ್ಟಾದರೂ ಅನೇಕ ವೈದ್ಯರು ಇದನ್ನು ಎರಡನೆಯ ಮೆಟ್ಟಿಲಿಗೆ ಇಟ್ಟುಕೊಳ್ಳುತ್ತಾರೆ. ಅಧ್ಯಯನ ಚಿಕ್ಕದು ಎಂಬುದು ಒಂದು ಕಾರಣ. ಇಡೀ ಮೈಗೆ ಸೇರುವ ಔಷಧಿಯನ್ನು ಬಾಯಿಯ ಮಚ್ಚೆಗೆ ಮೊದಲೇ ಕೊಡಬೇಕಿಲ್ಲ ಎಂಬುದು ಇನ್ನೊಂದು.

ಇಲ್ಲಿ ತೂಕವೇ ಎಲ್ಲ. ಮೊದಲ ದಿನ ಕಿಲೋಗೆ ಆರು ಮಿಲಿಗ್ರಾಂ, ಎರಡನೆಯ ದಿನದಿಂದ ಕಿಲೋಗೆ ಮೂರು ಮಿಲಿಗ್ರಾಂ. ಐದು ಕಿಲೋ ತೂಗುವ ಮೂರು ತಿಂಗಳ ಕೂಸನ್ನು ತೆಗೆದುಕೊಳ್ಳೋಣ. ಮೊದಲ ದಿನ ಮೂವತ್ತು ಮಿಲಿಗ್ರಾಂ, ಆಮೇಲೆ ದಿನಕ್ಕೆ ಹದಿನೈದು. ಐದು ಮಿಲಿಯಲ್ಲಿ ಐವತ್ತು ಮಿಲಿಗ್ರಾಂ ಇರುವ ಸಿರಪ್ ಆದರೆ ಒಂದು ಮಿಲಿಗೆ ಹತ್ತು ಮಿಲಿಗ್ರಾಂ, ಅಂದರೆ ಮೊದಲ ದಿನ ಮೂರು ಮಿಲಿ, ಆಮೇಲೆ ಒಂದೂವರೆ ಮಿಲಿ. ಇದೇ ಔಷಧಿ ಒಂದು ಮಿಲಿಗೆ ನಲವತ್ತು ಮಿಲಿಗ್ರಾಂ ಇರುವ ದ್ರಾವಣವಾಗಿಯೂ ತಯಾರಾಗುತ್ತದೆ. ಬಾಟಲಿ ಬದಲಾಗಿದ್ದು ತಿಳಿಯದೆ ಅದೇ ಮೂರು ಮಿಲಿ ಹಾಕಿದರೆ ಕೂಸಿಗೆ ಹೋಗುವುದು ನೂರಿಪ್ಪತ್ತು ಮಿಲಿಗ್ರಾಂ, ಬೇಕಾದ್ದರ ನಾಲ್ಕರಷ್ಟು. ಆದ್ದರಿಂದ ಚೀಟಿಯಲ್ಲಿ ಮಿಲಿಗ್ರಾಂ ಮತ್ತು ಮಿಲಿ ಎರಡನ್ನೂ ಬರೆಸಿಕೊಂಡು ಲೇಬಲ್ಲಿನ ಜೊತೆ ಹೋಲಿಸಬೇಕು. ಅಳೆಯಲು ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜು ಬೇಕು.

ಅವಧಿ ಏಳರಿಂದ ಹದಿನಾಲ್ಕು ದಿನ. ತಯಾರಕರ ಸೂಚನೆಯಲ್ಲಿ ಮರುಕಳಿಸದಿರಲು ಎರಡು ವಾರವಾದರೂ ಕೊಡಿ ಎಂದಿರುತ್ತದೆ, ವಾರಕ್ಕೇ ನಿಲ್ಲಿಸುವ ವೈದ್ಯರೂ ಇದ್ದಾರೆ. ಹುಟ್ಟಿ ಎರಡು ವಾರವೂ ಆಗದ ಕೂಸಿನ ಮೂತ್ರಪಿಂಡ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಅಂಥ ಕೂಸಿಗೆ ದಿನಾ ಕೊಡದೆ ಮೂರು ದಿನಕ್ಕೊಮ್ಮೆ ಕೊಡುವುದು ರೂಢಿ, ಆ ಲೆಕ್ಕ ವೈದ್ಯರದೇ. ಮಗು ಹಾಲು ಕಕ್ಕುತ್ತದೆಂದು ಮೊದಲೇ ಡೊಂಪೆರಿಡೋನ್ ಹನಿ ಕೊಡುತ್ತಿದ್ದರೆ ತಪ್ಪದೆ ತಿಳಿಸಬೇಕು. ಫ್ಲುಕೊನಜೋಲ್ ಜೊತೆ ಸೇರಿದರೆ ಅದು ಹೃದಯದ ಬಡಿತದ ಲಯ ಕೆಡಿಸಬಹುದು.

ನಿಸ್ಟಾಟಿನ್ ದ್ರಾವಣ ನಮ್ಮಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಬದಲಿಗೆ ಬಾಯಿಗೆ ಸವರುವ ಕ್ಲೋಟ್ರಿಮಜೋಲ್ ದ್ರಾವಣ ಬರೆಯುವುದುಂಟು. ಮೈಕೊನಜೋಲ್ ಜೆಲ್ ಮಾತ್ರ ನಾಲ್ಕು ತಿಂಗಳೊಳಗಿನ ಕೂಸಿಗೆ ಬೇಡ, ಅಂಟಂಟಾದ ಅದು ಗಂಟಲಿಗೆ ಸಿಕ್ಕಿಕೊಂಡು ಉಸಿರುಕಟ್ಟಿಸಬಹುದು. ಜೇನಿನಲ್ಲಿ ಬಿಳಿಗಾರ ತೇದು ನಾಲಿಗೆಗೆ ಹಚ್ಚುವ ಪದ್ಧತಿಯನ್ನಂತೂ ಬಿಡಲೇಬೇಕು. ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಪಾರ್ಶ್ವವಾಯು ತರುವ ಕಾಯಿಲೆ ಬರಬಹುದು, ಬಿಳಿಗಾರವೋ ಕೂಸಿಗೆ ವಿಷ.

ಒಂದು ವಾರ ಸರಿಯಾಗಿ ಹಾಕಿದ ಮೇಲೂ ಮಚ್ಚೆ ಕರಗದಿದ್ದರೆ ನೋಡಬೇಕಾದ ಮೊದಲ ಜಾಗ ತಾಯಿಯ ಮೊಲೆತೊಟ್ಟು. ಅಲ್ಲಿ ಉರಿ, ಕೆಂಪು, ಹೊಳಪು, ಹಾಲೂಡಿಸಿದ ಮೇಲೂ ನಿಲ್ಲದ ನೋವು ಇದ್ದರೆ ಶಿಲೀಂಧ್ರ ಇಬ್ಬರ ನಡುವೆ ಹೋಗಿಬರುತ್ತಿರಬಹುದು, ಆಗ ಇಬ್ಬರಿಗೂ ಒಟ್ಟಿಗೇ ಔಷಧಿ ಬೇಕು. ತಾಯಿ ಫ್ಲುಕೊನಜೋಲ್ ಮಾತ್ರೆ ನುಂಗಿದರೆ ಹಾಲಿನಲ್ಲಿ ಮಗುವಿಗೂ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹಾಲಿಗೆ ಬರುವ ಅಂಶ ಮಗುವಿನ ಥ್ರಷ್ ಗುಣಪಡಿಸುವಷ್ಟಿರುವುದಿಲ್ಲ. ಬಾಟಲಿ ಹಾಲು ಕುಡಿಯುವ ಮಗುವಾದರೆ ನಿಪ್ಪಲ್ಲುಗಳನ್ನು ದಿನಾ ಕುದಿಸಬೇಕು. ಡಯಾಪರಿನ ಜಾಗದಲ್ಲೂ ಕೆಂಪು ಗುಳ್ಳೆಗಳಿದ್ದರೆ ಅದಕ್ಕೆ ಬೇರೆ ಮುಲಾಮು ಬೇಕಾಗುತ್ತದೆ.

ಇದೆಲ್ಲ ಸರಿಯಿದ್ದೂ ಥ್ರಷ್ ಪದೇ ಪದೇ ಬಂದರೆ, ಒಂಬತ್ತು ತಿಂಗಳು ದಾಟಿದ ಮೇಲೆ ಕಾರಣವಿಲ್ಲದೆ ಕಾಣಿಸಿಕೊಂಡರೆ, ಮಗುವಿನ ತೂಕವೂ ಏರದಿದ್ದರೆ ಮಕ್ಕಳ ತಜ್ಞರು ಎಚ್‌ಐವಿ ಸೇರಿದಂತೆ ರೋಗನಿರೋಧಕ ಶಕ್ತಿಯ ಪರೀಕ್ಷೆಗಳನ್ನು ಮಾಡಿಸಲು ಹೇಳುತ್ತಾರೆ. ಜ್ವರ ಬಂದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಮೂತ್ರ ಕಡಿಮೆಯಾದರೆ ಏಳು ದಿನ ಮುಗಿಯಲಿ ಎಂದು ಕಾಯದೆ ಅಂದೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.