ನೂರಕ್ಕೆ ಮೂರು, ನೂರಕ್ಕೆ ಏಳು: ಯಾವುದು ಅಗ್ಗ?



ಸುರು ಹಂಗಾಮದ ನಾಟಿ ಹತ್ತಿರ ಬಂದಿತೆಂದರೆ ಬೀಜ, ಗೊಬ್ಬರ, ಆಳುಗಳ ಖರ್ಚಿಗೆ ಹಣ ಹೊಂದಿಸುವ ಓಡಾಟ ಪ್ರಾರಂಭವಾಗುತ್ತದೆ. ಈ ವೇಳೆಯಲ್ಲಿ ಅನೇಕರು ಬಡ್ಡಿಯ ದರ ಕೇಳುತ್ತಾರೆ, ಆದರೆ ಅದು ಎಷ್ಟು ಅವಧಿಯ ದರ ಎಂಬುದನ್ನು ಕೇಳುವುದಿಲ್ಲ. ಇದರಿಂದಾಗುವ ಹಾನಿ ಎಷ್ಟೆಂಬುದನ್ನು ಒಂದು ಚಿಕ್ಕ ಕಥೆಯಿಂದ ತಿಳಿದುಕೊಳ್ಳೋಣ.

ಅಕ್ಕಲಕೋಟ ತಾಲೂಕಿನ ಒಬ್ಬ ರೈತ. ಅವನನ್ನು ಮಲ್ಲಪ್ಪ ಎಂದು ಕರೆಯೋಣ. ಜನವರಿಯಲ್ಲಿ ಒಂದು ಎಕರೆ ಕಬ್ಬು ಹಚ್ಚಲು ಅವನಿಗೆ 50,000 ರೂಪಾಯಿ ಬೇಕಾಗಿತ್ತು. ಊರಿನ ಸಾವಕಾರರು ನೂರಕ್ಕೆ ಮೂರರಂತೆ ಕೊಡುತ್ತೇನೆಂದರು. ಸೊಸಾಯಿಟಿಯಲ್ಲಿ ಕೇಳಿದರೆ ನೂರಕ್ಕೆ ಏಳು. ಅದಕ್ಕೆ ಏಳುಬಾರಾ ಉತಾರ ಬೇರೆ, ಬೇಬಾಕಿ ದಾಖಲೆ ಬೇರೆ. ಮಲ್ಲಪ್ಪ ಸಾವಕಾರರ ಮನೆಯ ದಾರಿ ಹಿಡಿಯುವುದರಲ್ಲಿದ್ದ. ಆಗ ಸೊಸಾಯಿಟಿಯ ಗಟಸಚಿವ ಕೇಳಿದ:

"ಕಾಕಾ, ಸಾವಕಾರರ ಮೂರು ರೂಪಾಯಿ ತಿಂಗಳಿಗೇನ್ರಿ, ವರ್ಷಕ್ಕೇನ್ರಿ?"

"ತಿಂಗಳಿಗಪ್ಪಾ. ಬಡ್ಡಿ ಯಾವಾಗಲೂ ತಿಂಗಳಿಗೇ ಅಲ್ಲೇನು?"

"ನಮ್ಮ ಏಳು ವರ್ಷಕ್ಕ್ರಿ. ಅವರ ಮೂರನ್ನ ಹನ್ನೆರಡರಿಂದ ಗುಣಿಸಿ ನೋಡ್ರಿ."

ಗುಣಿಸಿದಾಗ ಬಂದದ್ದು ಮೂವತ್ತಾರು. ಅಂದರೆ 50,000 ರೂಪಾಯಿಗೆ ಒಂದು ವರ್ಷಕ್ಕೆ ಸೊಸಾಯಿಟಿಯ ಬಡ್ಡಿ 3,500 ರೂಪಾಯಿ, ಸಾವಕಾರರದು 18,000 ರೂಪಾಯಿ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಕಬ್ಬು ತಿಂಗಳು ತಿಂಗಳಿಗೆ ಹಣ ಕೊಡುವ ಬೆಳೆಯಲ್ಲ. ಹಾಲು ಮಾರುವವನಾದರೆ ತಿಂಗಳ ಬಡ್ಡಿಯಾದ 1,500 ರೂಪಾಯಿಯನ್ನು ಹೇಗಾದರೂ ಕಟ್ಟಿಯಾನು. ಕಬ್ಬಿನವನಿಗೆ ಬಿಲ್ಲು ಬರುವತನಕ ಅದು ಸಾಧ್ಯವಿಲ್ಲ. ಕಟ್ಟದ ಬಡ್ಡಿಯನ್ನು ಸಾವಕಾರರು ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ, ಮೊದಲ ಆರು ತಿಂಗಳಿಗೆ ಸಾಲ 59,000 ಆಗುತ್ತದೆ. ವರ್ಷದ ಕೊನೆಗೆ 69,620 ಆಗುತ್ತದೆ. ಆ ಮೇಲೆ ತೋಡಣಿ ತಡವಾದರೆ ತಿಂಗಳಿಗೆ ಸುಮಾರು 2,089 ರೂಪಾಯಿಯಂತೆ ಬೆಳೆಯುತ್ತಲೇ ಹೋಗುತ್ತದೆ. ಕೆಲವರು ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡೇ ಹಣ ಎಣಿಸುತ್ತಾರೆ. ಆಗ ಕೈಗೆ ಬರುವುದು 48,500, ಬಡ್ಡಿ ಓಡುವುದು ಮಾತ್ರ 50,000ಕ್ಕೆ.

ಸೊಸಾಯಿಟಿಯ ಸಾಲಕ್ಕೂ ಖರ್ಚಿದೆ ಎಂಬುದು ನಿಜ. ತಲಾಠಿ ಕಚೇರಿಗೆ, ಬ್ಯಾಂಕಿಗೆ ನಾಲ್ಕು ಸಲ ಓಡಾಡಿದ ಬಸ್ಸಿನ ಹಣ, ಕೆಟ್ಟ ದಿನಗೂಲಿ ಎಲ್ಲ ಸೇರಿ 2,000 ರೂಪಾಯಿ ಎಂದು ಹಿಡಿಯಿರಿ. ಆಗಲೂ ಒಟ್ಟು 5,500 ಮಾತ್ರ. ಷೇರಿಗೆ ಮುರಿದುಕೊಳ್ಳುವ ಮೊತ್ತವನ್ನು ಖರ್ಚೆಂದು ಎಣಿಸಬಾರದು. ಅದು ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಆದರೆ 5,000 ರೂಪಾಯಿ ಒಂದೇ ತಿಂಗಳಿಗೆ ಬೇಕಾದರೆ ಸಾವಕಾರರ ಬಡ್ಡಿ 150 ರೂಪಾಯಿ. ಅಷ್ಟಕ್ಕಾಗಿ ನಾಲ್ಕು ಸಲ ಓಡಾಡುವುದು ಲಾಭವಲ್ಲ. ತಿಂಗಳ ಬಡ್ಡಿ ಕಚ್ಚುವುದು ಅವಧಿ ಬೆಳೆದಾಗ. ಕಬ್ಬಿನ ಅವಧಿಯೋ ವರ್ಷ, ಆಡಸಾಲಿಯಾದರೆ ಒಂದೂವರೆ ವರ್ಷ.

ಏಳು ಎಂಬ ದರ ಗೊತ್ತಾದ ಮಿತಿಯೊಳಗಿನ ಬೆಳೆಸಾಲಕ್ಕೆ ಸರಕಾರದ ಬಡ್ಡಿ ಸಹಾಯದಿಂದ ಸಿಗುವಂಥದು. ಮುದ್ದತಿನೊಳಗೆ ತೀರಿಸಿದವರಿಗೆ ಅದರಲ್ಲಿ ಮತ್ತೆ ಮೂರು ಕಡಿಮೆಯಾಗಿ ನಾಲ್ಕೇ ಉಳಿಯುತ್ತದೆ. ಮಲ್ಲಪ್ಪನ ಬಡ್ಡಿ 2,000ಕ್ಕೆ ಇಳಿಯುತ್ತದೆ. ಮುದ್ದತು ದಾಟಿದರೆ ಈ ರಿಯಾಯಿತಿ ಹೋಗುತ್ತದೆ. ಆದ್ದರಿಂದ ಸಾಲ ತೆಗೆದ ದಿನವೇ ಮುದ್ದತಿನ ದಿನಾಂಕವನ್ನು ಬರೆಸಿಕೊಳ್ಳಿರಿ. ನಾಟಿಯ ನೋಂದಣಿಯನ್ನು ಕಾರ್ಖಾನೆಯ ಗಟ ಕಚೇರಿಯಲ್ಲಿ ತಡಮಾಡದೆ ಮಾಡಿಸಿರಿ. ನಾಟಿಯ ದಿನಾಂಕ ನೋಡಿಯೇ ತೋಡಣಿಯ ಪಾಳಿ ಹಚ್ಚುವುದರಿಂದ, ನೋಂದಣಿ ತಪ್ಪಿದರೆ ಬಿಲ್ಲು ಮುದ್ದತಿನಾಚೆಗೆ ಹೋಗಬಹುದು. ಕಬ್ಬು ಕೊಟ್ಟ 14 ದಿನಗಳೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೇಳುವ ಹಕ್ಕು ನಿಮಗಿದೆ.

ಸಾವಕಾರಿಕೆಗೂ ಕಾಯದೆಯ ಮಿತಿಯಿದೆ. ಸೋಲಾಪುರವೂ ಸೇರಿ ನಾಲ್ಕು ಜಿಲ್ಲೆಗಳ ರೈತರಿಗಾಗಿ 1879ರಷ್ಟು ಹಿಂದೆಯೇ ದಖ್ಖನ್ ಕೃಷಿಕರ ಪರಿಹಾರ ಕಾಯದೆ ಬಂದಿತ್ತು. ಈಗಿರುವುದು ಮಹಾರಾಷ್ಟ್ರದ 2014ರ ಸಾವಕಾರಿ ಕಾಯದೆ. ಅದರಡಿ 2014ರಲ್ಲಿ ಗೊತ್ತುಪಡಿಸಿದ ದರದಂತೆ, ಲೈಸೆನ್ಸು ಇರುವ ಸಾವಕಾರರು ರೈತರಿಂದ ಅಡವಿನ ಸಾಲಕ್ಕೆ ವರ್ಷಕ್ಕೆ ಶೇಕಡಾ 9, ಅಡವಿಲ್ಲದ ಸಾಲಕ್ಕೆ ಶೇಕಡಾ 12 ಮಾತ್ರ ತೆಗೆದುಕೊಳ್ಳಬಹುದು. ತಿಂಗಳ ಲೆಕ್ಕಕ್ಕೆ ಇದು ನೂರಕ್ಕೆ 75 ಪೈಸೆ ಮತ್ತು ಒಂದು ರೂಪಾಯಿ. ನೂರಕ್ಕೆ ಮೂರೆಂದರೆ ಅಡವಿಲ್ಲದ ಸಾಲದ ಮಿತಿಗೂ ಮೂರು ಪಟ್ಟು. ಅಂಥ ವಸೂಲಿಯ ಬಗೆಗೆ ತಾಲೂಕಿನ ಸಹಕಾರಿ ಸಂಸ್ಥೆಗಳ ಸಹಾಯಕ ನಿಬಂಧಕರಿಗೆ ಬರೆದು ದೂರು ಕೊಡಬಹುದು. ಪಾವತಿ ಚೀಟಿ ಇದ್ದರೆ ದೂರಿಗೆ ಬಲ. ಆದ್ದರಿಂದ ಕೊಟ್ಟ ಪ್ರತಿ ಕಂತಿಗೂ ಚೀಟಿ ಕೇಳಿರಿ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.

ಇನ್ನು ಮುಂದೆ ಯಾರೇ ಬಡ್ಡಿ ಹೇಳಲಿ, ತಿಂಗಳಿಗೋ ವರ್ಷಕ್ಕೋ ಎಂದು ಮೊದಲು ಕೇಳಿರಿ. ತಿಂಗಳಿಗೆ ಎಂದರೆ ಹನ್ನೆರಡರಿಂದ ಗುಣಿಸಿರಿ. ಕಟ್ಟದ ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆಂದು ಕೇಳಿ, ಆಮೇಲೆ ಸಹಿ ಮಾಡಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ