ಎರಡನೆಯದನ್ನು ಹಿಡಿಯುವ ಬಗೆ

ನುಣುಪಾದ ಕಂಬಿಯೊಂದರ ಮೇಲೆ ಸಮತೂಕದ ಮೂರು ಮಣಿಗಳಿವೆ ಎಂದುಕೊಳ್ಳಿ. ಮೊದಲ ಮಣಿಗೂ ನಡುವಿನದಕ್ಕೂ ಒಂದು ಸ್ಪ್ರಿಂಗ್, ನಡುವಿನದಕ್ಕೂ ಕೊನೆಯದಕ್ಕೂ ಅಂಥದೇ ಇನ್ನೊಂದು. ಮಣಿಗಳು ತಮ್ಮ ಜಾಗದಿಂದ ಕ್ರಮವಾಗಿ x, y, z ದೂರ ಸರಿದರೆ, ಸ್ಪ್ರಿಂಗುಗಳಲ್ಲಿ ಕೂಡಿಟ್ಟ ಶಕ್ತಿ (x−y)² + (y−z)² ಎಂಬ ಮೊತ್ತಕ್ಕೆ ತಕ್ಕಂತಿರುತ್ತದೆ. ಆ ಮೊತ್ತದ ಹಿಂದಿರುವ ಮಾತೃಕೆ ಇದು:

```
 1  -1   0
-1   2  -1
 0  -1   1
```

ಕರ್ಣದ ಆಚೆಗೂ ಈಚೆಗೂ ಅವೇ ಅಂಕಿಗಳು. ಆದ್ದರಿಂದ ಇದು ಸಮಮಿತ ಮಾತೃಕೆ. ಕೆಲವು ಸದಿಶಗಳನ್ನು ಅದು ದಿಕ್ಕು ಕೆಡಿಸದೆ ಇಷ್ಟು ಪಟ್ಟು ಎಂದು ಬದಲಿಸುತ್ತದೆ. ಆ ಪಟ್ಟುಗಳೇ ಐಗನ್ ಮೌಲ್ಯಗಳು. ಇಲ್ಲಿ ಅವು 0, 1 ಮತ್ತು 3. ಮೂರೂ ಮಣಿಗಳು ಒಟ್ಟಾಗಿ ಜಾರಿದರೆ, ಅಂದರೆ (1, 1, 1) ಆದರೆ, ಸ್ಪ್ರಿಂಗಿಗೆ ಕೆಲಸವೇ ಇಲ್ಲ: 0. ನಡುವಿನದು ನಿಂತು ತುದಿಯವು ಎದುರುಬದುರಾಗಿ ಆಡಿದರೆ, (1, 0, −1), ಮೌಲ್ಯ 1. ನಡುವಿನದು ಉಳಿದೆರಡಕ್ಕೆ ವಿರುದ್ಧವಾಗಿ ಇಮ್ಮಡಿ ಸರಿದರೆ, (1, −2, 1), ಮೌಲ್ಯ 3.

ಲೆಕ್ಕವೆಲ್ಲ ನಿಂತಿರುವುದು ಒಂದು ಅನುಪಾತದ ಮೇಲೆ:

R = ((x−y)² + (y−z)²) / (x² + y² + z²)

R ಎಷ್ಟು ಇಳಿಯಬಲ್ಲದೋ ಅದು ಅತಿ ಚಿಕ್ಕ ಐಗನ್ ಮೌಲ್ಯ; ಎಷ್ಟು ಏರಬಲ್ಲದೋ ಅದು ಅತಿ ದೊಡ್ಡದು. ತುದಿಗಳು ಹೀಗೆ ಸುಲಭವಾಗಿ ಸಿಗುತ್ತವೆ. ನಡುವೆ ಕೂತ 1 ಮಾತ್ರ ಏರಿನ ಕೊನೆಯೂ ಅಲ್ಲ, ಇಳಿತದ ಕೊನೆಯೂ ಅಲ್ಲ. ಮೊದಲ ದಿಕ್ಕಿಗೆ ಲಂಬವಾದ ಸದಿಶಗಳಲ್ಲಷ್ಟೇ ಹುಡುಕಿದರೆ ಅದು ಸಿಗುವುದು ನಿಜ. ಆದರೆ ಅದಕ್ಕೆ ಮೊದಲ ದಿಕ್ಕು ಕರಾರುವಾಕ್ಕಾಗಿ ಗೊತ್ತಿರಬೇಕು. ಈ ಹಂಗನ್ನು ತಪ್ಪಿಸಿದವರು ಅರ್ನ್‌ಸ್ಟ್ ಫಿಷರ್ (1905) ಮತ್ತು ರಿಚರ್ಡ್ ಕೂರಾಂಟ್ (1920).

ಅವರ ಸೂತ್ರವನ್ನು ಇಬ್ಬರ ಆಟವಾಗಿ ನೋಡಬಹುದು. ಮೊದಲನೆಯವಳು ಮೂಲಬಿಂದುವಿನ ಮೂಲಕ ಹಾಯುವ ಒಂದು ಸಮತಲವನ್ನು ಆರಿಸುತ್ತಾಳೆ. ಎದುರಾಳಿ ಆ ಸಮತಲದೊಳಗೇ R ಅತಿ ಹೆಚ್ಚಾಗುವ ಸದಿಶವನ್ನು ಹುಡುಕುತ್ತಾನೆ. ಆ ಗರಿಷ್ಠವನ್ನು ಆದಷ್ಟು ತಗ್ಗಿಸುವುದು ಅವಳ ಗುರಿ. ಅವಳು ಎಷ್ಟರವರೆಗೆ ತಗ್ಗಿಸಬಲ್ಲಳೋ ಅದೇ ಎರಡನೆಯ ಐಗನ್ ಮೌಲ್ಯ.

ಆಡಿ ನೋಡೋಣ. ಅವಳು z = 0 ಸಮತಲ ಆರಿಸಿದರೆ ಎದುರಾಳಿಗೆ 2.618 ಸಿಗುತ್ತದೆ. x = y ಸಮತಲ ಕೊಟ್ಟರೆ ಅವನು (1, 1, −2) ಹಿಡಿಯುತ್ತಾನೆ: ಅಂಶ 9, ಛೇದ 6, ಅಂದರೆ 1.5. ಇನ್ನು y = 0 ಕೊಟ್ಟರೆ? ಅಂಶವೂ ಛೇದವೂ x² + z² ಆಗಿಬಿಡುತ್ತವೆ. ಎಲ್ಲಿ ಹುಡುಕಿದರೂ ಅವನಿಗೆ 1 ಬಿಟ್ಟು ಬೇರೇನೂ ಇಲ್ಲ.

ಇದಕ್ಕಿಂತ ಕೆಳಗೆ ಇಳಿಸಲು ಯಾಕಾಗದು? (1, 0, −1) ಮತ್ತು (1, −2, 1) ಸೇರಿ ಒಂದು ಸಮತಲವಾಗುತ್ತದೆ. ಅದರ ಮೇಲೆಲ್ಲ R ಕನಿಷ್ಠ 1. ಮೂಲಬಿಂದುವಿನ ಮೂಲಕ ಹಾಯುವ ಎರಡು ಸಮತಲಗಳು ಮೂರು ಆಯಾಮದಲ್ಲಿ ಒಂದು ಗೆರೆಯಲ್ಲಾದರೂ ಸೇರಲೇಬೇಕು. ಹಾಗಾಗಿ ಅವಳು ಯಾವ ಸಮತಲ ಆರಿಸಿದರೂ ಅದರಲ್ಲಿ ಎದುರಾಳಿಗೆ 1ಕ್ಕೆ ಕಡಿಮೆಯಿಲ್ಲದ ಸದಿಶವೊಂದು ಕಾದಿರುತ್ತದೆ. ಸಾಧನೆ ಇಷ್ಟೇ, ಆದರೆ ಬಿಗಿಯಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಗೆಲ್ಲುವ ಸಮತಲದಲ್ಲಿ ಮೊದಲ ದಿಕ್ಕು ಇರಲೇಬೇಕು ಎಂದು ಹಲವು ವಿದ್ಯಾರ್ಥಿಗಳು ಎಣಿಸುತ್ತಾರೆ. y = 0 ಸಮತಲದಲ್ಲಿ (1, 1, 1) ಇಲ್ಲವೇ ಇಲ್ಲ, ಆದರೂ ಅದು ಗೆದ್ದಿತು. ಮೊದಲ ದಿಕ್ಕನ್ನು ತಿಳಿಯದೆಯೇ ಎರಡನೆಯ ಮೌಲ್ಯ ಕೈಗೆ ಬಂತು.

ಮಣಿಗಳ ಭಾಷೆಯಲ್ಲಿ y = 0 ಎಂದರೆ ನಡುವಿನ ಮಣಿಯನ್ನು ಬೆರಳಿನಿಂದ ಒತ್ತಿ ಹಿಡಿದಂತೆ. ಇದರಿಂದ ಸೂತ್ರದ ಮಗ್ಗುಲು ಬದಲಿಸಿದ ರೂಪವೂ ಕಾಣುತ್ತದೆ: ಒಂದೇ ಒಂದು ಕಟ್ಟು ಹಾಕಿ, ಉಳಿದ ಚಲನೆಗಳಲ್ಲಿ R ಎಷ್ಟು ಇಳಿಯುತ್ತದೆ ನೋಡಿ, ಆ ಕನಿಷ್ಠವನ್ನು ಆದಷ್ಟು ಏರಿಸಿ. ತುದಿಯ ಮಣಿಯನ್ನು ಹಿಡಿದರೆ ಕನಿಷ್ಠ 0.382, ನಡುವಿನದನ್ನು ಹಿಡಿದರೆ 1. ಯಾವ ಕಟ್ಟು ಹಾಕಿದರೂ 1ನ್ನು ದಾಟಲಾಗದು.

ಮಾತೃಕೆ ಸಮಮಿತವಲ್ಲದಿದ್ದರೆ ಇದೆಲ್ಲ ಕುಸಿಯುತ್ತದೆ. ಮೊದಲ ಸಾಲು 1, 10. ಎರಡನೆಯ ಸಾಲು 0, 2 ಇರುವ ಮಾತೃಕೆಯ ಐಗನ್ ಮೌಲ್ಯಗಳು 1 ಮತ್ತು 2. ಆದರೆ (1, 1) ಸದಿಶಕ್ಕೆ ಅನುಪಾತ 13/2, ಅಂದರೆ 6.5. ದೊಡ್ಡ ಮೌಲ್ಯವನ್ನೂ ಮೀರಿ ಹೋಯಿತು.

ನೂರು ಮಣಿಗಳ ಸಾಲಿಗೂ ಇದೇ ಆಟ ನಡೆಯುತ್ತದೆ, ಖರ್ಚು ಮಾತ್ರ ಎರಡು ಕಡೆ ಒಂದೇ ಅಲ್ಲ. ಎರಡನೆಯ ಮೌಲ್ಯ ಇಷ್ಟಕ್ಕಿಂತ ಹೆಚ್ಚಿಲ್ಲ ಎನ್ನಲು ಬೇರೆ ಬೇರೆ ದಿಕ್ಕಿನ ಎರಡು ಊಹೆಯ ಸದಿಶಗಳು, ಒಂದು 2×2 ಲೆಕ್ಕ ಸಾಕು. ಇಷ್ಟಕ್ಕಿಂತ ಕಡಿಮೆಯಿಲ್ಲ ಎನ್ನಲು 99 ಆಯಾಮಗಳ ಇಡೀ ಅವಕಾಶದಲ್ಲಿ ಕನಿಷ್ಠವನ್ನು ಹುಡುಕಬೇಕು.